ಪಾಪದ ಹುಡುಗನ ಮೇಲೆ ಗೂಬೆ ಕೂರಿಸಬೇಡಿ

ನೆಟ್ ನಿಧಾನವಾದರೆ ಸಾಕು, "ಪೇಯಿಂಗ್ ಗೆಸ್ಟ್ ಹುಡುಗ ಸಿನಿಮಾ ಇಳಿಸ್ತಿದ್ದಾನೆ" ಅಂತ ನಮ್ಮ ಪುಣೆಯ ಮನೆಯಲ್ಲಿ ಭಾವನವರು ತೀರ್ಪು ಕೊಟ್ಟುಬಿಡುತ್ತಾರೆ. ಸ್ವಾಮಿ, ಅಳೆದು ನೋಡದೆ ಬೈಯುವುದು ಯಾವ ನ್ಯಾಯ? ನಮ್ಮ ರೂಟರಿನಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಇದೆ. ಅದರೊಳಗೆ ಹೋಗಿ ಇಷ್ಟು ಟೈಪ್ ಮಾಡಿದೆ:

```
iftop -n -i br-lan -F 192.168.1.0/24
```

ಇದನ್ನು ರೂಟರಿನಲ್ಲೇ, ಮನೆಯೊಳಗಿನ ಬದಿಯಲ್ಲೇ ನೋಡಬೇಕು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ಅದರದ್ದೇ ಲೆಕ್ಕ ಕಾಣುತ್ತದೆ. ರೂಟರಿನ ಹೊರಬದಿಯಲ್ಲಿ ನೋಡಿದರೆ ಮನೆಯವರೆಲ್ಲ ಒಂದೇ ವಿಳಾಸದಲ್ಲಿ ಅಡಗಿರುತ್ತಾರೆ. ಬಲಗಡೆಯ ಮೂರು ಅಂಕಣಗಳು 2, 10, 40 ಸೆಕೆಂಡುಗಳ ಸರಾಸರಿ. ಕ್ಷಣಿಕ ಜಿಗಿತಕ್ಕೆ ಮರುಳಾಗದೆ ಕೊನೆಯದನ್ನು ನಂಬಿ. ರೂಟರಿನಲ್ಲಿ ಹಾರ್ಡ್‌ವೇರ್ ಆಫ್‌ಲೋಡಿಂಗ್ ಚಾಲೂ ಇದ್ದರೆ ಮಾತ್ರ ಮೊದಲು ಅದನ್ನು ನಿಲ್ಲಿಸಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಕಂಡದ್ದೇನು? `192.168.1.23` ಒಂದೇ ಸಮನೆ 4.6 ಮೆಗಾಬಿಟ್ ಹೊರಗೆ ಕಳಿಸುತ್ತಿತ್ತು. ನಮ್ಮ ಅಪ್‌ಲೋಡ್ ಮಿತಿಯೇ 5. ಆ ದಾರಿ ತುಂಬಿದರೆ, "ಬಂತು, ಮುಂದಿನದು ಕಳಿಸು" ಎನ್ನುವ ಉತ್ತರಗಳೂ ಸಾಲಿನಲ್ಲಿ ನಿಲ್ಲುತ್ತವೆ. ಹಾಗಾಗಿ ಡೌನ್‌ಲೋಡೂ ತೆವಳುತ್ತದೆ. `/tmp/dhcp.leases` ಕಡತದಲ್ಲಿ ಆ ವಿಳಾಸ ಯಾರದೆಂದು ಹುಡುಕಿದೆ. ಭಾವನವರ ಫೋನು! ಮದುವೆ ವಿಡಿಯೋಗಳ ಬ್ಯಾಕಪ್ ನಡೆಯುತ್ತಿತ್ತು. ಬ್ಯಾಕಪ್ ನಿಲ್ಲಿಸಿದ ಕೂಡಲೇ ಎಲ್ಲರ ನೆಟ್ಟೂ ಸರಿಹೋಯಿತು.

ಹುಡುಗನ ವಿಳಾಸದ ಎದುರು ಇದ್ದದ್ದು ಕೆಲವೇ ಕಿಲೋಬಿಟ್. ಈಗ ಅವನ ಹತ್ತಿರ ಕ್ಷಮೆ ಕೇಳುವವರು ಯಾರು?