ಆರೋಗ್ಯ ವಿಚಾರ: ಒಂದೇ ದಾರಿಯಲ್ಲಿ ಎರಡು ತಡೆ

ಔಷಧದ ಅಂಗಡಿಯಲ್ಲಿ ದೊರೆಯುವ ಕೋ-ಟ್ರೈಮೊಕ್ಸಜೋಲ್ ಎಂಬ ಗುಳಿಗೆಯನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಅದರ ಮೇಲ್ಹೊದಿಕೆಯನ್ನು ಓದಿದರೆ, ಸಲ್ಫಮೆಥೊಕ್ಸಜೋಲ್ 400 ಮಿಲಿಗ್ರಾಂ, ಟ್ರೈಮೆಥೋಪ್ರಿಮ್ 80 ಮಿಲಿಗ್ರಾಂ ಎಂದು ಎರಡು ಹೆಸರುಗಳಿರುವುದು ಕಾಣುತ್ತದೆ. ಒಂದು ರೋಗಕ್ಕೆ ಎರಡು ಮದ್ದೇಕೆ? ಒಂದನ್ನೇ ಇಮ್ಮಡಿಯಾಗಿ ಕೊಟ್ಟರೆ ಸಾಲದೇ? ಈ ಪ್ರಶ್ನೆಯ ಉತ್ತರವನ್ನು ಈ ತಿಂಗಳು ಸಾವಕಾಶವಾಗಿ ವಿಚಾರಿಸೋಣ.

ಮೊದಲು ಫೋಲಿಕ್ ಆಮ್ಲವೆಂಬುದನ್ನು ಅರಿಯಬೇಕು. ಲ್ಯಾಟಿನ್ ಭಾಷೆಯಲ್ಲಿ ಫೋಲಿಯಂ ಎಂದರೆ ಎಲೆ. 1941ರಲ್ಲಿ ಪಾಲಕ್ ಸೊಪ್ಪಿನಿಂದ ಈ ವಸ್ತುವನ್ನು ಬೇರ್ಪಡಿಸಿದವರು ಅದಕ್ಕೆ ಈ ಹೆಸರನ್ನಿಟ್ಟರು. ಅದಕ್ಕೂ ಮೊದಲೇ, 1930ರ ಸುಮಾರಿನಲ್ಲಿ, ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಯ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಪರೀಕ್ಷಿಸುತ್ತ, ಯೀಸ್ಟ್ ಸಾರವನ್ನು ಕೊಟ್ಟರೆ ಅದು ಗುಣವಾಗುವುದೆಂದು ಕಂಡಿದ್ದಳು. ಆ ಸಾರದಲ್ಲಿದ್ದ ಗುಣಕಾರಿ ವಸ್ತುವೂ ಇದೇ ಎಂದು ಮುಂದೆ ತಿಳಿದುಬಂತು.

ಜೀವಕೋಶದೊಳಗೆ ಇದರ ಕೆಲಸವು ಕಾವಡಿಯ ಕೆಲಸ. ಇಂಗಾಲದ ಒಂದೊಂದು ತುಣುಕನ್ನು ಹೊತ್ತು ಬೇಕಾದಲ್ಲಿಗೆ ಮುಟ್ಟಿಸುವುದೇ ಇದರ ಉದ್ಯೋಗ. ವಂಶವಾಹಿಯಾದ ಡಿಎನ್‌ಎಗೆ ಬೇಕಾದ ಥೈಮಿನ್, ಪ್ಯೂರಿನ್ ಮೊದಲಾದ ಸಾಮಗ್ರಿಗಳು ಈ ಹೊರೆಯಿಲ್ಲದೆ ಸಿದ್ಧವಾಗವು. ಕಾವಡಿಯು ನಿಂತರೆ ಜೀವಕೋಶವು ಎರಡಾಗಿ ಬೆಳೆಯಲಾರದು.

ಈ ವಿಷಯದಲ್ಲಿ ಮನುಷ್ಯನಿಗೂ ಬ್ಯಾಕ್ಟೀರಿಯಗಳಿಗೂ ಒಂದು ದೊಡ್ಡ ಭೇದವುಂಟು. ನಾವು ಸೊಪ್ಪು, ಬೇಳೆ ಮುಂತಾದವುಗಳಿಂದ ಕಾವಡಿಯನ್ನು ಸಿದ್ಧವಾಗಿಯೇ ಪಡೆಯುತ್ತೇವೆ. ಬಹುತೇಕ ಬ್ಯಾಕ್ಟೀರಿಯಗಳು ಹಾಗೆ ಹೊರಗಿನಿಂದ ಪಡೆಯಲಾರವು, ತಮ್ಮೊಳಗೇ ಕಟ್ಟಿಕೊಳ್ಳಬೇಕು. ಅದರ ಒಂದು ತುದಿಗೆ ಟೆರಿನ್ ಎಂಬ ವಸ್ತು, ಇನ್ನೊಂದು ತುದಿಗೆ ಗ್ಲುಟಮಿಕ್ ಆಮ್ಲ, ನಡುವೆ ಪಾರಾ-ಅಮಿನೋ ಬೆಂಜೋಯಿಕ್ ಆಮ್ಲ. ಇಷ್ಟುದ್ದದ ಹೆಸರನ್ನು ಬಿಟ್ಟು ಇದನ್ನು ಪಾಬಾ ಎಂದು ಕರೆಯೋಣ. ಟೆರಿನ್ನಿಗೆ ಪಾಬಾವನ್ನು ಜೋಡಿಸುವ ಕಿಣ್ವವು ಮೊದಲನೆಯ ಕೆಲಸಗಾರ. ಅನಂತರ ಗ್ಲುಟಮಿಕ್ ಆಮ್ಲವು ಸೇರಿ ಡೈಹೈಡ್ರೋಫೋಲೇಟ್ ಆಗುತ್ತದೆ. ಇದಿನ್ನೂ ಹಗ್ಗ ಬಿಗಿಯದ ಕಾವಡಿ. ಡೈಹೈಡ್ರೋಫೋಲೇಟ್ ರಿಡಕ್ಟೇಸ್ ಎಂಬ ಎರಡನೆಯ ಕೆಲಸಗಾರನು ಹಗ್ಗ ಬಿಗಿದು ಅದನ್ನು ಟೆಟ್ರಾಹೈಡ್ರೋಫೋಲೇಟನ್ನಾಗಿ ಮಾಡಿದ ಮೇಲೆಯೇ ಅದು ಹೊರೆ ಹೊರಲು ಯೋಗ್ಯವಾಗುವುದು.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಥೈಮಿನ್ ಸಾಮಗ್ರಿಯನ್ನು ಸಿದ್ಧಪಡಿಸುವಾಗ ಪ್ರತಿ ಸಲವೂ ಕಾವಡಿಯ ಹಗ್ಗವು ಸಡಿಲವಾಗಿ, ಅದು ಮರಳಿ ಡೈಹೈಡ್ರೋಫೋಲೇಟ್ ಆಗಿಬಿಡುತ್ತದೆ. ಆದುದರಿಂದ ಎರಡನೆಯ ಕೆಲಸಗಾರನು ಹೊಸ ಕಾವಡಿಗಳನ್ನು ಮಾತ್ರವಲ್ಲ, ಹಿಂದಿರುಗಿ ಬಂದ ಹಳೆಯ ಕಾವಡಿಗಳನ್ನೂ ಬಿಡುವಿಲ್ಲದೆ ಬಿಗಿಯುತ್ತಿರಬೇಕು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುವುದು.

ಈಗ ಮದ್ದುಗಳ ಕಡೆಗೆ ಬರೋಣ. ಜರ್ಮನಿಯಲ್ಲಿ ಗೆರ್ಹಾರ್ಡ್ ಡೊಮಾಕ್ ಎಂಬವನು ಪ್ರೊಂಟೊಸಿಲ್ ಎಂಬ ಕೆಂಪು ಬಣ್ಣದ ಗುಣವನ್ನು 1935ರಲ್ಲಿ ಪ್ರಕಟಿಸಿದನು. ಅದೇ ವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು, ಗುಣವಿರುವುದು ಬಣ್ಣದಲ್ಲಲ್ಲ, ಶರೀರದಲ್ಲಿ ಅದರಿಂದ ಬೇರ್ಪಡುವ ಸಲ್ಫನಿಲಮೈಡಿನಲ್ಲಿ ಎಂದು ತೋರಿಸಿದರು. ಅದು ಸೂಕ್ಷ್ಮಾಣುಗಳನ್ನು ಹೇಗೆ ತಡೆಯುತ್ತದೆ ಎಂಬುದನ್ನು 1940ರಲ್ಲಿ ಲಂಡನ್ನಿನ ಡೊನಾಲ್ಡ್ ವುಡ್ಸ್ ಬಿಡಿಸಿದನು. ಯೀಸ್ಟ್ ಸಾರವನ್ನು ಬೆರೆಸಿದರೆ ಸಲ್ಫನಿಲಮೈಡು ನಿಷ್ಫಲವಾಗುವುದನ್ನು ಕಂಡ ಅವನು, ಪಾಬಾವು ಹಾಗೆಯೇ ಮದ್ದಿನ ಬಲವನ್ನು ಮುರಿಯುವುದೆಂದೂ, ತನಗಿಂತ ಸಾವಿರಾರು ಪಟ್ಟು ಮದ್ದನ್ನು ಅದರ ಅಲ್ಪಾಂಶವೇ ಎದುರಿಸಬಲ್ಲುದೆಂದೂ ತೋರಿಸಿದನು. ಸಲ್ಫಾ ಮದ್ದಿನ ಆಕಾರವು ಪಾಬಾವನ್ನು ಹೋಲುತ್ತದೆ. ಅದು ಮೊದಲನೆಯ ಕಿಣ್ವದಲ್ಲಿ ಪಾಬಾದ ಸ್ಥಾನವನ್ನು ಆಕ್ರಮಿಸುವುದು. ವ್ಯಾಕರಣದಲ್ಲಿ ಸ್ಥಾನಿಯ ಸ್ಥಾನಕ್ಕೆ ಬಂದ ಆದೇಶವು ಸ್ಥಾನಿಯ ಕಾರ್ಯವನ್ನೂ ನಡೆಸುತ್ತದೆ. ಈ ಆದೇಶವಾದರೋ ಸ್ಥಾನವನ್ನು ಮಾತ್ರ ಹಿಡಿದು ಕಾರ್ಯವನ್ನು ಕೆಡಿಸುವಂಥದು.

ಟ್ರೈಮೆಥೋಪ್ರಿಮ್ ಎಂಬುದು ಅಮೆರಿಕದಲ್ಲಿ ಜಾರ್ಜ್ ಹಿಚಿಂಗ್ಸ್, ಗರ್ಟ್ರೂಡ್ ಎಲಿಯನ್ ಮೊದಲಾದವರ ಸಂಶೋಧನೆಯ ಫಲ. ಇವರಿಬ್ಬರಿಗೂ 1988ರಲ್ಲಿ ನೊಬೆಲ್ ಬಹುಮಾನವು ಸಂದಿತು. ಈ ಮದ್ದು ಎರಡನೆಯ ಕೆಲಸಗಾರನ ಪೀಠದಲ್ಲಿ ಕುಳಿತು ಹಗ್ಗ ಬಿಗಿಯದಂತೆ ಮಾಡುತ್ತದೆ. ನಮ್ಮಲ್ಲಿಯೂ ಆ ಕಿಣ್ವವಿದೆಯಲ್ಲ, ನಮಗೇಕೆ ಅಪಾಯವಾಗದು ಎಂದರೆ, ಮನುಷ್ಯನ ಕಿಣ್ವವನ್ನು ಅಷ್ಟೇ ತಡೆಯಬೇಕಾದರೆ ಹತ್ತಾರು ಸಾವಿರ ಪಟ್ಟು ಹೆಚ್ಚು ಮದ್ದು ಬೇಕಾಗುವುದು.

ಹೀಗಿರಲು, ಎರಡನ್ನೂ ಕೂಡಿಸಿದರೆ ಬಲ ಹೆಚ್ಚುವುದೇಕೆ? ಮೊದಲ ತಡೆಯಿಂದ ನೂರರಲ್ಲಿ ಹತ್ತು ಉಳಿದರೆ, ಎರಡನೆಯದರಿಂದ ಆ ಹತ್ತರಲ್ಲಿ ಒಂದು ಉಳಿಯುತ್ತದೆಂದು ಹಲವರು ಲೆಕ್ಕ ಹೇಳುವುದುಂಟು. ಈ ಲೆಕ್ಕವು ಕಿವಿಗೆ ಇಂಪಾದರೂ ಸರಿಯಲ್ಲ. ಒಂದು ಕಾಲುವೆಗೆ ಎರಡು ತೂಬುಗಳಿದ್ದು, ಒಂದೊಂದೂ ಹತ್ತನೆಯ ಒಂದು ಪಾಲು ನೀರನ್ನು ಮಾತ್ರ ಬಿಡುವುದಾದರೆ, ಮೊದಲ ತೂಬಿನಿಂದ ಬಂದ ನೀರು ಎರಡನೆಯದರಲ್ಲಿ ಸರಾಗವಾಗಿ ಹರಿದುಹೋಗುವುದು. ಕೊನೆಗೆ ದೊರೆಯುವುದು ಹತ್ತನೆಯ ಒಂದು ಪಾಲೇ ಹೊರತು ನೂರನೆಯ ಒಂದು ಪಾಲಲ್ಲ. ಕಾರಣವು ಬೇರೆಡೆಯಲ್ಲಿದೆ.

ಟ್ರೈಮೆಥೋಪ್ರಿಮ್ ಒಂದೇ ಇದ್ದಾಗ ಏನಾಗುವುದೆಂದು ನೋಡಿರಿ. ಹಗ್ಗ ಸಡಿಲವಾದ ಕಾವಡಿಗಳು ಕೆಲಸಗಾರನ ಬಾಗಿಲಲ್ಲಿ ಗುಂಪುಗೂಡುತ್ತವೆ. ಮೊದಲನೆಯ ಕಿಣ್ವವು ಹೊಸ ಕಾವಡಿಗಳನ್ನು ಸೇರಿಸುತ್ತಲೇ ಇರುತ್ತದೆ. ಈ ಮದ್ದು ಪೀಠಕ್ಕಾಗಿ ಡೈಹೈಡ್ರೋಫೋಲೇಟಿನೊಡನೆ ಸ್ಪರ್ಧಿಸುವಂಥದಾದುದರಿಂದ, ಗುಂಪು ದೊಡ್ಡದಾದಷ್ಟೂ ಮದ್ದನ್ನು ಪೀಠದಿಂದ ತಳ್ಳುವ ಬಲವೂ ಹೆಚ್ಚುತ್ತದೆ. ಸಲ್ಫಾವನ್ನು ಕೂಡಿಸಿದೊಡನೆ ಹೊಸ ಕಾವಡಿಗಳು ಬರುವುದು ನಿಲ್ಲುವುದು. ಗುಂಪು ಕರಗಿದಷ್ಟೂ ಟ್ರೈಮೆಥೋಪ್ರಿಮ್ ಸ್ವಲ್ಪವಿದ್ದರೂ ಪೀಠವನ್ನು ಭದ್ರವಾಗಿ ಹಿಡಿದಿರುತ್ತದೆ.

ಪ್ರತಿಯಾಗಿ ಸಲ್ಫಾ ಒಂದೇ ಇದ್ದಾಗಲೂ ಕೊರತೆಯುಂಟು. ಹೊಸ ಕಾವಡಿಗಳು ನಿಂತರೂ ಕೋಶದಲ್ಲಿ ಸಂಗ್ರಹವಾಗಿದ್ದ ಹಳೆಯವು ಮತ್ತೆ ಮತ್ತೆ ಬಿಗಿಯಲ್ಪಟ್ಟು ಕೆಲಸ ನಡೆಸುತ್ತವೆ. ಕೋಶವು ಎರಡಾಗಿ, ನಾಲ್ಕಾಗಿ ಒಡೆದಂತೆಲ್ಲ ಆ ಸಂಗ್ರಹವು ಹಂಚಿಹೋಗಿ, ಹಲವು ಪೀಳಿಗೆಗಳ ತರುವಾಯವೇ ಬೆಳೆವಣಿಗೆಯು ನಿಲ್ಲುವುದು. ಟ್ರೈಮೆಥೋಪ್ರಿಮ್ ಜೊತೆಗಿದ್ದರೆ ಆ ಹಳೆಯ ಸಂಗ್ರಹವೂ ಬೇಗ ನಿರುಪಯುಕ್ತವಾಗುತ್ತದೆ.

ಇದಲ್ಲದೆ, ಎರಡನೆಯ ಮದ್ದು ಮೊದಲನೆಯದಕ್ಕೂ ಬಲ ಕೊಡುವುದೆಂಬುದನ್ನು ಅಮೆರಿಕದ ಮಿನೆಸೊಟ ವಿಶ್ವವಿದ್ಯಾನಿಲಯದವರು 2018ರಲ್ಲಿ ತೋರಿಸಿದರು. ಕಾವಡಿಯ ಒಂದು ತುದಿಯಾದ ಟೆರಿನ್ ಹುಟ್ಟುವುದು ಒಂದು ಪ್ಯೂರಿನ್ ವಸ್ತುವಿನಿಂದ. ಪ್ಯೂರಿನ್ ಸಿದ್ಧವಾಗಬೇಕಾದರೆ ಬಿಗಿದ ಕಾವಡಿಯೇ ಬೇಕು. ಬೀಜವಿಲ್ಲದೆ ಮರವಿಲ್ಲ, ಮರವಿಲ್ಲದೆ ಬೀಜವಿಲ್ಲ ಎಂಬಂಥ ಚಕ್ರವಿದು. ಟ್ರೈಮೆಥೋಪ್ರಿಮಿನಿಂದ ಬಿಗಿದ ಕಾವಡಿ ಕಡಮೆಯಾದರೆ ಟೆರಿನ್ನೂ ಕಡಮೆಯಾಗಿ, ಮೊದಲನೆಯ ಕಿಣ್ವದಲ್ಲಿ ಸಲ್ಫಾದ ತಡೆಯು ಇನ್ನಷ್ಟು ಬಿಗಿಯಾಗುವುದು. ಹೀಗೆ ಇಬ್ಬರೂ ಪರಸ್ಪರ ಸಹಾಯಕರು. ಒಂಟಿಯಾಗಿ ಸೂಕ್ಷ್ಮಾಣುಗಳ ಬೆಳೆವಣಿಗೆಯನ್ನು ಮಾತ್ರ ನಿಲ್ಲಿಸುವ ಮದ್ದುಗಳು, ಕೂಡಿದಾಗ ಅನೇಕ ಸಂದರ್ಭಗಳಲ್ಲಿ ಅವನ್ನು ಕೊಲ್ಲುವುದಕ್ಕೂ ಶಕ್ತವಾಗುವುವು.

ಈ ಸಹಾಯವನ್ನು ಅಳೆಯುವ ಕ್ರಮವೂ ಸರಳವಾದುದೇ. ಪ್ರಯೋಗಶಾಲೆಯಲ್ಲಿ ಚದುರಂಗದ ಮಣೆಯಂತೆ ಗುಳಿಗಳಿರುವ ತಟ್ಟೆಯೊಂದರಲ್ಲಿ, ಒಂದು ದಿಕ್ಕಿಗೆ ಒಂದು ಮದ್ದನ್ನೂ ಇನ್ನೊಂದು ದಿಕ್ಕಿಗೆ ಮತ್ತೊಂದನ್ನೂ ಕ್ರಮವಾಗಿ ಹೆಚ್ಚಿಸುತ್ತ ಹಾಕಿ, ಎಲ್ಲಿ ಬೆಳೆವಣಿಗೆ ನಿಂತಿತೆಂದು ನೋಡುವರು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಮಿಲಿಲೀಟರಿಗೆ ಸಲ್ಫಮೆಥೊಕ್ಸಜೋಲ್ ಒಂದೇ ಆದರೆ 16 ಮೈಕ್ರೋಗ್ರಾಂ ಬೇಕು, ಟ್ರೈಮೆಥೋಪ್ರಿಮ್ ಒಂದೇ ಆದರೆ 1 ಮೈಕ್ರೋಗ್ರಾಂ ಬೇಕು ಎನ್ನೋಣ. ಕೂಡಿದಾಗ ಮೊದಲನೆಯದು 2, ಎರಡನೆಯದು ಎಂಟನೆಯ ಒಂದು ಮೈಕ್ರೋಗ್ರಾಂ ಸಾಕಾದರೆ, ಪ್ರತಿಯೊಂದೂ ತನ್ನ ಅಳತೆಯ ಎಂಟನೆಯ ಒಂದು ಭಾಗವಾಯಿತು. ಎರಡು ಭಾಗಗಳ ಮೊತ್ತ ಕಾಲು. ಪರಸ್ಪರ ಸಹಾಯವಿಲ್ಲದೆ ಬರಿಯ ಕೂಡಿಕೆಯಾಗಿದ್ದರೆ ಮೊತ್ತವು ಒಂದಾಗುತ್ತಿತ್ತು. ಅರ್ಧ ಅಥವಾ ಅದಕ್ಕಿಂತ ಕಡಮೆಯಾದರೆ ನಿಜವಾದ ಸಹಯೋಗವೆಂದು ಎಣಿಸುವುದು ರೂಢಿ.

ಸಹಯೋಗವು ಅತಿಶಯವಾಗಿ ಕಾಣುವುದು ಅನೇಕ ಸೂಕ್ಷ್ಮಾಣುಗಳಲ್ಲಿ ಸಲ್ಫಾ 20, ಟ್ರೈಮೆಥೋಪ್ರಿಮ್ 1 ಎಂಬ ಪ್ರಮಾಣದಲ್ಲಿ. ಗುಳಿಗೆಯಲ್ಲಾದರೋ 5ಕ್ಕೆ 1 ಇರುವುದಲ್ಲ ಎಂದು ಕೇಳಬಹುದು. ಟ್ರೈಮೆಥೋಪ್ರಿಮ್ ರಕ್ತವನ್ನು ಬಿಟ್ಟು ಅಂಗಾಂಗಗಳೊಳಕ್ಕೆ ಬಹುವಾಗಿ ಸೇರಿಹೋಗುವ ಸ್ವಭಾವದ್ದು; ಆದುದರಿಂದ 5ಕ್ಕೆ 1 ನುಂಗಿದರೆ ರಕ್ತದಲ್ಲಿ ಸುಮಾರು 20ಕ್ಕೆ 1 ಉಳಿಯುವುದು. ಸಲ್ಫಾಗಳ ದೊಡ್ಡ ಸಮೂಹದಲ್ಲಿ ಸಲ್ಫಮೆಥೊಕ್ಸಜೋಲನ್ನೇ ಆರಿಸಿಕೊಂಡುದಕ್ಕೂ ಕಾರಣವುಂಟು. ಎರಡೂ ಶರೀರದಿಂದ ಹೆಚ್ಚು ಕಡಮೆ ಒಂದೇ ವೇಗದಲ್ಲಿ, ಸುಮಾರು ಹತ್ತು ಗಂಟೆಗೆ ಅರ್ಧದಂತೆ, ಹೊರಹೋಗುವುದರಿಂದ ಜೊತೆಯು ಮಧ್ಯದಲ್ಲಿ ಒಡೆಯುವುದಿಲ್ಲ.

ಇನ್ನು ಈ ಜೊತೆಯ ಮಿತಿಗಳನ್ನು ಹೇಳಿದರೆ ವಿಷಯವು ಪೂರ್ಣವಾಗುವುದು. ಕೀವು ತುಂಬಿದ ಹುಣ್ಣಿನಲ್ಲಿ ಸತ್ತ ಕೋಶಗಳಿಂದ ಥೈಮಿನ್ ಸಾಮಗ್ರಿಯು ಸಿದ್ಧವಾಗಿಯೇ ಹೊರಬರುತ್ತದೆ. ಸೂಕ್ಷ್ಮಾಣುಗಳು ಅದನ್ನು ನೇರವಾಗಿ ಬಳಸಿಕೊಂಡರೆ ಕಾವಡಿಯ ಹಂಗೇ ಇಲ್ಲ, ಮದ್ದು ಸೋಲುವುದು. ಅಂಥ ಹುಣ್ಣನ್ನು ಕೊಯ್ದು ಕೀವು ತೆಗೆಯಬೇಕೆನ್ನುವುದಕ್ಕೆ ಇದೂ ಒಂದು ಕಾರಣ. ಎರಡನೆಯದಾಗಿ, ಮದ್ದಿಗೆ ಸಿಕ್ಕದ ಬದಲಿ ಕಿಣ್ವವನ್ನು ಮಾಡಿಕೊಳ್ಳುವ ವಿದ್ಯೆಯನ್ನು ಅನೇಕ ಸೂಕ್ಷ್ಮಾಣುಗಳು ಪಡೆದು, ಒಂದರಿಂದೊಂದಕ್ಕೆ ದಾಟಿಸುತ್ತಿವೆ. ಸಲ್ಫಾಕ್ಕೆ ಜಗ್ಗದ ತಳಿಯಲ್ಲಿ ಜೊತೆಯೆಂಬುದು ಹೆಸರಿಗೆ ಮಾತ್ರ. ಕೆಲಸ ಮಾಡುವುದು ಟ್ರೈಮೆಥೋಪ್ರಿಮ್ ಒಂದೇ.

ಮೂರನೆಯದಾಗಿ, ಎಲ್ಲೆಡೆಯಲ್ಲಿಯೂ ಜೊತೆಯೇ ಬೇಕೆಂದಿಲ್ಲ. ಮೂತ್ರದಲ್ಲಿ ಟ್ರೈಮೆಥೋಪ್ರಿಮ್ ರಕ್ತದಲ್ಲಿರುವುದಕ್ಕಿಂತ ಬಹಳ ಹೆಚ್ಚಾಗಿ ಸೇರುವುದರಿಂದ, ಸಾಮಾನ್ಯವಾದ ಮೂತ್ರದ ಸೋಂಕಿಗೆ ಅದೊಂದೇ ಬಹುಮಟ್ಟಿಗೆ ಸಾಕಾಗುವುದು. ಸಲ್ಫಾದಿಂದ ಚರ್ಮವೇ ಸುಲಿಯುವ ಘೋರ ಉಪದ್ರವವು ಅಪರೂಪವಾಗಿ ಸಂಭವಿಸುವುದುಂಟಾದ್ದರಿಂದ, ಬ್ರಿಟನ್ನಿನ ಅಧಿಕಾರಿಗಳು 1995ರಲ್ಲಿ ಜೊತೆಯ ಬಳಕೆಯನ್ನು ಕೆಲವು ರೋಗಗಳಿಗೆ ಸೀಮಿತಗೊಳಿಸಿದರು. ನ್ಯೂಮೊಸಿಸ್ಟಿಸ್ ಎಂಬ ಶ್ವಾಸಕೋಶದ ರೋಗದಲ್ಲಿಯಾದರೋ ಈ ಜೊತೆಯೇ ಇಂದಿಗೂ ಮೊದಲ ಮದ್ದು.

ಗೃಹಸ್ಥರು ಮರೆಯಬಾರದ ಸಂಗತಿಗಳಿವು. ಹಿಂದೆ ಸಲ್ಫಾದಿಂದ ಮೈಮೇಲೆ ದದ್ದು ಎದ್ದಿದ್ದರೆ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿನ ಅಂಗಗಳು ಮೂಡುವುದಕ್ಕೆ ಫೋಲಿಕ್ ಆಮ್ಲವು ಅಗತ್ಯವಾದುದರಿಂದ ಆಗ ಈ ಗುಳಿಗೆಯನ್ನು ಸಾಧ್ಯವಾದಷ್ಟೂ ಬಿಡುವರು. ಪ್ರಸವವು ಸಮೀಪಿಸಿದಾಗಲೂ ಎಳೆಗೂಸಿಗೂ ಕೊಡಲಾಗದು, ಸಲ್ಫಾವು ಕೂಸಿನ ಕಾಮಾಲೆಯನ್ನು ಮಿದುಳಿನವರೆಗೆ ಮುಟ್ಟಿಸಬಲ್ಲುದು. ರಕ್ತದೊತ್ತಡಕ್ಕೆ ಕೆಲವು ಮದ್ದುಗಳನ್ನು ಸೇವಿಸುವ ವೃದ್ಧರಲ್ಲಿ ಟ್ರೈಮೆಥೋಪ್ರಿಮ್ ರಕ್ತದ ಪೊಟ್ಯಾಸಿಯಮ್ಮನ್ನು ಅಪಾಯಕರವಾಗಿ ಏರಿಸುವುದುಂಟು. ಗುಳಿಗೆಯನ್ನು ನುಂಗುತ್ತಿರುವಾಗ ಬಾಯಿಯಲ್ಲಿ ಹುಣ್ಣು, ಕಣ್ಣಿನಲ್ಲಿ ಉರಿ, ಚರ್ಮದಲ್ಲಿ ಬೊಕ್ಕೆ ಕಾಣಿಸಿದರೆ, ಮುಂದಿನ ಗುಳಿಗೆಯನ್ನು ನುಂಗದೆ ಆ ದಿನವೇ ವೈದ್ಯರನ್ನು ಕಾಣಬೇಕು.