ಹೆಸರಲ್ಲಿ ‘ಕರ್ನಾಟಕ’ ಇದ್ದ ಮಾತ್ರಕ್ಕೆ ಸರ್ಕಾರಿ ಅಲ್ಲ: ಕಂಪನಿಯ ಒಡೆಯ ಯಾರೆಂದು ಪತ್ತೆ ಮಾಡುವುದು ಹೀಗೆ

ಮಂಗಳೂರು: ಪದವಿ ಪರೀಕ್ಷೆಯ ಫಲಿತಾಂಶ ಬಂದ ಕೂಡಲೇ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಒಂದೇ ತರದ ಮೆಸೇಜ್ ಓಡಾಡಲು ಶುರುವಾಗುತ್ತದೆ. ‘ಸರ್ಕಾರಿ ಕಂಪನಿಯಲ್ಲಿ ಕೆಲಸ, ಕೂಡಲೇ ಅರ್ಜಿ ಹಾಕಿ’. ಕಂಪನಿಯ ಹೆಸರಲ್ಲಿ ಇಂಡಿಯಾ, ಭಾರತ್, ನ್ಯಾಷನಲ್, ಕರ್ನಾಟಕ ಅಂತ ಏನಾದರೂ ಒಂದು ಇದ್ದರೆ ಸಾಕು, ಮನೆಯವರು ನಂಬಿಬಿಡುತ್ತಾರೆ. ಕೆಲಸ ಕೊಡಿಸ್ತೇನೆ ಅಂತ ದುಡ್ಡು ಕೇಳುವವರಿಗೆ ಈ ನಂಬಿಕೆಯೇ ಬಂಡವಾಳ.

ಹಾಗಾದರೆ ಒಂದು ಕಂಪನಿ ಸರ್ಕಾರದ್ದೋ, ಖಾಸಗಿಯೋ ಅಂತ ತಿಳಿಯುವುದು ಹೇಗೆ? ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕುತ್ತೆತ್ತೂರಿನ ಎಂಆರ್‌ಪಿಎಲ್ ಮತ್ತು ಮಂಗಳೂರಿನಲ್ಲೇ ಹುಟ್ಟಿದ ಎರಡು ಬ್ಯಾಂಕ್‌ಗಳನ್ನು ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ.

ಹೆಸರು ನೋಡಿದರೆ ಉಲ್ಟಾ ಉತ್ತರ

ಕರ್ನಾಟಕ ಬ್ಯಾಂಕ್ 1924ರಲ್ಲಿ ಮಂಗಳೂರಿನಲ್ಲಿ ಶುರುವಾಯಿತು. ಹೆಸರಲ್ಲಿ ರಾಜ್ಯವೇ ಇದ್ದರೂ ಅದು ಖಾಸಗಿ ಬ್ಯಾಂಕ್. 1906ರಲ್ಲಿ ಇದೇ ಊರಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ 1969ರಲ್ಲಿ ರಾಷ್ಟ್ರೀಕರಣ ಆಯಿತು, ಹಾಗಾಗಿ ಅದು ಸಾರ್ವಜನಿಕ ವಲಯದ್ದು. ಇವೆರಡರ ನಡುವೆ ಈಗ ಇನ್ನೊಂದು ಗೊಂದಲ ಸೇರಿಕೊಂಡಿದೆ. 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕ್‌ಗಳು ಸೇರಿ ‘ಕರ್ನಾಟಕ ಗ್ರಾಮೀಣ ಬ್ಯಾಂಕ್’ ಆಗಿದೆ. ಇದರಲ್ಲಿ ಕೇಂದ್ರ ಸರ್ಕಾರದ ಪಾಲು ಶೇ 50, ರಾಜ್ಯದ್ದು ಶೇ 15, ಪ್ರಾಯೋಜಕ ಕೆನರಾ ಬ್ಯಾಂಕಿನದ್ದು ಶೇ 35. ಅಂದರೆ ಕರ್ನಾಟಕ ಬ್ಯಾಂಕ್ ಖಾಸಗಿ, ಕರ್ನಾಟಕ ಗ್ರಾಮೀಣ ಬ್ಯಾಂಕ್ ಸರ್ಕಾರದ್ದು. ನಡುವೆ ಇರುವ ವ್ಯತ್ಯಾಸ ಒಂದೇ ಪದ.

ಕಾನೂನು ಕೇಳುವುದು ಒಂದೇ ಪ್ರಶ್ನೆ

2013ರ ಕಂಪನಿ ಕಾಯ್ದೆಯ 2(45)ನೇ ಕಲಮಿನಲ್ಲಿ ಸರ್ಕಾರಿ ಕಂಪನಿ ಅಂದರೆ ಏನು ಅಂತ ಬರೆದಿದೆ. ಪಾವತಿಯಾದ ಷೇರು ಬಂಡವಾಳದಲ್ಲಿ ಕನಿಷ್ಠ ಶೇ 51 ಕೇಂದ್ರದ ಕೈಯಲ್ಲೋ, ರಾಜ್ಯಗಳ ಕೈಯಲ್ಲೋ, ಇಬ್ಬರದ್ದೂ ಸೇರಿಯೋ ಇರಬೇಕು. ಅಂಥ ಸರ್ಕಾರಿ ಕಂಪನಿಯ ಅಧೀನ ಕಂಪನಿಯೂ ಸರ್ಕಾರಿ ಕಂಪನಿಯೇ. ನಾವು ಮಾತಿನಲ್ಲಿ ಪಿಎಸ್‌ಯು ಅನ್ನುವುದು ಬಹುತೇಕ ಇವುಗಳನ್ನೇ.

ಈ ಕೊನೆಯ ವಾಕ್ಯ ಗೊತ್ತಿಲ್ಲದಿದ್ದರೆ ಎಂಆರ್‌ಪಿಎಲ್ ಲೆಕ್ಕ ತಪ್ಪುತ್ತದೆ. ಅದರ ಷೇರುದಾರರ ಪಟ್ಟಿ ತೆಗೆದು ನೋಡಿ. ಒಎನ್‌ಜಿಸಿ ಶೇ 71.63, ಎಚ್‌ಪಿಸಿಎಲ್ ಶೇ 16.96, ಉಳಿದದ್ದು ಷೇರುಪೇಟೆಯ ಹೂಡಿಕೆದಾರರದ್ದು. ಪ್ರವರ್ತಕರ ಸಾಲಿನಲ್ಲಿ ಕೇಂದ್ರ ಸರ್ಕಾರದ ಹೆಸರೇ ಇಲ್ಲ! ‘ಸರ್ಕಾರಕ್ಕೆ ಇದರಲ್ಲಿ ಒಂದು ಷೇರೂ ಇಲ್ಲ, ಮತ್ತೆ ಹೇಗೆ ಸರ್ಕಾರಿ’ ಅಂತ ಯಾರಾದರೂ ವಾದಿಸಿದರೆ ಮೇಲುನೋಟಕ್ಕೆ ಸರಿ ಅನ್ನಿಸುತ್ತದೆ.

ಇನ್ನು ಕೆಲವರು ಗುಣಾಕಾರ ಮಾಡುತ್ತಾರೆ. ಒಎನ್‌ಜಿಸಿಯಲ್ಲಿ ಕೇಂದ್ರದ ಪಾಲು ಸುಮಾರು ಶೇ 59. ಎಂಆರ್‌ಪಿಎಲ್‌ನಲ್ಲಿ ಒಎನ್‌ಜಿಸಿ ಪಾಲು ಸುಮಾರು ಶೇ 72. ಗುಣಿಸಿದರೆ ಬರುವುದು ಶೇ 42 ಮಾತ್ರ, 51ಕ್ಕಿಂತ ಕಡಿಮೆ, ಹಾಗಾಗಿ ಖಾಸಗಿ ಅನ್ನುವ ವಾದ. ಇದೂ ತಪ್ಪು. ಕಾನೂನು ಗುಣಿಸಲು ಹೇಳುವುದಿಲ್ಲ, ಒಂದೊಂದೇ ಮೆಟ್ಟಿಲು ನೋಡಲು ಹೇಳುತ್ತದೆ. ಕೇಂದ್ರಕ್ಕೆ ಒಎನ್‌ಜಿಸಿಯಲ್ಲಿ ಶೇ 51ಕ್ಕಿಂತ ಜಾಸ್ತಿ ಇದೆಯೇ? ಇದೆ, ಹಾಗಾದರೆ ಒಎನ್‌ಜಿಸಿ ಸರ್ಕಾರಿ ಕಂಪನಿ. ಎಂಆರ್‌ಪಿಎಲ್ ಒಎನ್‌ಜಿಸಿಯ ಅಧೀನ ಕಂಪನಿಯೇ? ಹೌದು. ಅಲ್ಲಿಗೆ ಉತ್ತರ ಸಿಕ್ಕಿತು.

ಇದೇ ಎಂಆರ್‌ಪಿಎಲ್ ಮೊದಲಿನಿಂದಲೂ ಹೀಗಿರಲಿಲ್ಲ. 1988ರಲ್ಲಿ ಅದು ಸ್ಥಾಪನೆಯಾದದ್ದು ಎಚ್‌ಪಿಸಿಎಲ್ ಮತ್ತು ಬಿರ್ಲಾ ಸಮೂಹದ ಜಂಟಿ ಉದ್ಯಮವಾಗಿ. ಇಬ್ಬರದ್ದೂ ಸಮಪಾಲು, ಯಾರ ಹತ್ತಿರವೂ ಶೇ 51 ಇರಲಿಲ್ಲ. 2003ರ ಮಾರ್ಚ್‌ನಲ್ಲಿ ಬಿರ್ಲಾ ಪಾಲನ್ನು ಒಎನ್‌ಜಿಸಿ ಕೊಂಡು, ಹೊಸ ಬಂಡವಾಳವನ್ನೂ ಹಾಕಿದ ಮೇಲೆ ಅದು ಸಾರ್ವಜನಿಕ ವಲಯಕ್ಕೆ ಬಂತು. ಹೆಸರು, ಗೇಟು, ಚಿಮಣಿ ಯಾವುದೂ ಬದಲಾಗಲಿಲ್ಲ, ಒಡೆಯ ಮಾತ್ರ ಬದಲಾದ. ಇದರ ಉಲ್ಟಾ ಕೂಡ ಆಗುತ್ತದೆ. ಹಿಂದೂಸ್ತಾನ್ ಜಿಂಕ್ ಮೊದಲು ಸರ್ಕಾರದ್ದಾಗಿತ್ತು, 2002ರಲ್ಲಿ ಖಾಸಗಿಯವರ ಕೈಗೆ ಹೋಯಿತು, ಹೆಸರು ಹಾಗೇ ಉಳಿಯಿತು. ಅದಕ್ಕೇ ಹಿರಿಯರು ‘ಅದು ಸರ್ಕಾರದ್ದೇ’ ಅಂದಾಗ ಅವರು ಯಾವ ವರ್ಷದ ಮಾತು ಹೇಳುತ್ತಿದ್ದಾರೆ ಅಂತ ಕೇಳಿಕೊಳ್ಳಬೇಕು.

21 ಅಕ್ಷರದ ಜಾತಕ

ಪ್ರತಿ ಕಂಪನಿಗೂ ಸಿಐಎನ್ ಅಂತ 21 ಅಕ್ಷರ-ಅಂಕಿಗಳ ನಂಬರ್ ಇರುತ್ತದೆ. ಕಂಪನಿಯ ಲೆಟರ್‌ಹೆಡ್‌ನಲ್ಲಿ ಇದನ್ನು ಹಾಕಲೇಬೇಕು ಅನ್ನುವುದು ಕಾನೂನು. ಎಂಆರ್‌ಪಿಎಲ್‌ದು ಹೀಗಿದೆ:

```
L23209KA1988GOI008959
```

ಮೊದಲ L ಅಂದರೆ ಷೇರುಪೇಟೆಯಲ್ಲಿ ನೋಂದಾಯಿತ, ಇಲ್ಲದಿದ್ದರೆ U ಇರುತ್ತದೆ. ನಂತರದ ಐದು ಅಂಕಿ ಉದ್ಯಮದ ಸಂಕೇತ. KA ಅಂದರೆ ಕರ್ನಾಟಕದಲ್ಲಿ ನೋಂದಣಿ, 1988 ಸ್ಥಾಪನೆಯ ವರ್ಷ. ನಮಗೆ ಬೇಕಾದದ್ದು ವರ್ಷ ಮುಗಿದ ಮೇಲೆ ಬರುವ ಮೂರು ಅಕ್ಷರ. GOI ಇದ್ದರೆ ಕೇಂದ್ರ ಸರ್ಕಾರದ ಕಂಪನಿ, SGC ಇದ್ದರೆ ರಾಜ್ಯ ಸರ್ಕಾರದ್ದು. PTC ಅಂದರೆ ಪ್ರೈವೇಟ್ ಲಿಮಿಟೆಡ್, PLC ಅಂದರೆ ಪಬ್ಲಿಕ್ ಲಿಮಿಟೆಡ್. ಈಗ ಕರ್ನಾಟಕ ಬ್ಯಾಂಕಿನದ್ದು ನೋಡಿ:

```
L85110KA1924PLC001128
```

ಇಲ್ಲಿ ತುಂಬಾ ಜನ ಎಡವುತ್ತಾರೆ. ‘ಪಬ್ಲಿಕ್ ಲಿಮಿಟೆಡ್’ ಮತ್ತು ‘ಪಬ್ಲಿಕ್ ಸೆಕ್ಟರ್’ ಬೇರೆ ಬೇರೆ. ಪಬ್ಲಿಕ್ ಲಿಮಿಟೆಡ್ ಅಂದರೆ ಸಾರ್ವಜನಿಕರಿಂದ ಷೇರು ಹಣ ಎತ್ತಬಹುದಾದ ಕಂಪನಿ, ಅಷ್ಟೇ. ಷೇರುದಾರರ ಪಟ್ಟಿಯಲ್ಲಿ ‘ಪಬ್ಲಿಕ್’ ಅಂತ ಇರುವ ಸಾಲು ಕೂಡ ಸರ್ಕಾರವಲ್ಲ, ಪ್ರವರ್ತಕರನ್ನು ಬಿಟ್ಟು ಉಳಿದ ಹೂಡಿಕೆದಾರರು. ಕರ್ನಾಟಕ ಬ್ಯಾಂಕಿಗೆ ಪ್ರವರ್ತಕರೇ ಇಲ್ಲ, ಪೂರ್ತಿ ಷೇರು ಈ ‘ಪಬ್ಲಿಕ್’ ಸಾಲಿನಲ್ಲಿದೆ. ಹಾಗಂತ ಅದು ಸರ್ಕಾರದ್ದಾಗುವುದಿಲ್ಲ.

ಸಿಐಎನ್ ಪರಿಶೀಲಿಸಲು ಕಂಪನಿ ವ್ಯವಹಾರಗಳ ಸಚಿವಾಲಯದ `mca.gov.in` ವೆಬ್‌ಸೈಟ್‌ನಲ್ಲಿ ಕಂಪನಿ ಮಾಸ್ಟರ್ ಡೇಟಾ ವಿಭಾಗಕ್ಕೆ ಹೋಗಿ ಹೆಸರು ಅಥವಾ ನಂಬರ್ ಹಾಕಿದರೆ ಆಯಿತು. ಷೇರುಪೇಟೆಯಲ್ಲಿರುವ ಕಂಪನಿಯಾದರೆ ಬಿಎಸ್‌ಇ ಅಥವಾ ಎನ್‌ಎಸ್‌ಇ ವೆಬ್‌ಸೈಟ್‌ನಲ್ಲಿ `Shareholding Pattern` ಅನ್ನುವ ಕಡೆ ಮೂರು ತಿಂಗಳಿಗೊಮ್ಮೆ ಹೊಸ ಪಟ್ಟಿ ಬರುತ್ತದೆ. ಷೇರುಪೇಟೆಯಲ್ಲಿ ಇಲ್ಲದ ಕಂಪನಿಯಾದರೆ ಅದರ ವಾರ್ಷಿಕ ವರದಿ ತೆಗೆಯಿರಿ. ಸರ್ಕಾರಿ ಕಂಪನಿಗೆ ಲೆಕ್ಕ ಪರಿಶೋಧಕರನ್ನು ನೇಮಿಸುವುದು ಸಿಎಜಿ. ಸಿಎಜಿಯ ಅಭಿಪ್ರಾಯವೂ ವರದಿಯಲ್ಲಿ ಇರುತ್ತದೆ. ಆ ಪುಟ ಇದ್ದರೆ ಸರ್ಕಾರದ್ದು ಅನ್ನಲು ಅದು ಗಟ್ಟಿ ಆಧಾರ.

ಸಿಐಎನ್ ಇಲ್ಲದವರು, ಇದ್ದೂ ಗೊಂದಲ ಮಾಡುವವರು

ಸಿಐಎನ್ ಸಿಗಲಿಲ್ಲ ಅಂದ ಕೂಡಲೇ ನಕಲಿ ಅಂತ ಹೇಳಬೇಡಿ. ಕೆನರಾ ಬ್ಯಾಂಕಿಗೆ ಸಿಐಎನ್ ಇಲ್ಲ, ಯಾಕೆಂದರೆ ಅದು ಕಂಪನಿ ಕಾಯ್ದೆಯಡಿ ಅಲ್ಲ, ರಾಷ್ಟ್ರೀಕರಣದ ಪ್ರತ್ಯೇಕ ಕಾಯ್ದೆಯಡಿ ಇರುವ ಸಂಸ್ಥೆ. ಕೆಎಸ್ಆರ್‌ಟಿಸಿ ಕೂಡ ಕಾಯ್ದೆಯಿಂದ ಹುಟ್ಟಿದ ನಿಗಮ. ಇನ್ನು ಕ್ಯಾಂಪ್ಕೊ, ಹಾಲು ಒಕ್ಕೂಟ ಇವೆಲ್ಲ ಸಹಕಾರಿ ಸಂಸ್ಥೆಗಳು. ಅವುಗಳ ಒಡೆಯರು ಸದಸ್ಯ ರೈತರು, ಆದ್ದರಿಂದ ಅವನ್ನು ಪಿಎಸ್‌ಯು ಅನ್ನುವುದೂ ತಪ್ಪು, ಖಾಸಗಿ ಅನ್ನುವುದೂ ತಪ್ಪು.

ಸಿಐಎನ್‌ನಲ್ಲಿ GOI ಇದ್ದೂ ಗೊಂದಲ ಆಗಬಹುದು ಅನ್ನುವುದಕ್ಕೆ ಐಡಿಬಿಐ ಬ್ಯಾಂಕ್ ಸಾಕ್ಷಿ. 2024ರ ಲೆಕ್ಕದಲ್ಲಿ ಎಲ್ಐಸಿ ಪಾಲು ಶೇ 49.24, ಕೇಂದ್ರದ್ದು ಶೇ 45.48. ಎರಡೂ ಸೇರಿದರೆ ಶೇ 94ಕ್ಕಿಂತ ಜಾಸ್ತಿ. ಆದರೂ ರಿಸರ್ವ್ ಬ್ಯಾಂಕ್ 2019ರ ಜನವರಿ 21ರಿಂದ ಇದನ್ನು ತನ್ನ ನಿಯಂತ್ರಣದ ಲೆಕ್ಕಕ್ಕೆ ಖಾಸಗಿ ಬ್ಯಾಂಕ್ ಅಂತ ವರ್ಗೀಕರಿಸಿದೆ. ಹಾಗಾಗಿ ಬ್ಯಾಂಕ್ ವಿಷಯದಲ್ಲಿ ಸಿಐಎನ್ ಒಂದನ್ನೇ ನಂಬದೆ ರಿಸರ್ವ್ ಬ್ಯಾಂಕಿನ ಪಟ್ಟಿಯನ್ನೂ ನೋಡಬೇಕು.

ಗೇಟು ಯಾರದ್ದು, ಸಂಬಳ ಯಾರದ್ದು?

ಕಂಪನಿ ಸರ್ಕಾರದ್ದೇ ಅಂತ ಖಚಿತವಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ನಿಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಆ ಕಂಪನಿಯೋ, ಅದರ ಗುತ್ತಿಗೆದಾರನೋ? ಸುರತ್ಕಲ್, ಬೈಕಂಪಾಡಿ, ಪಣಂಬೂರು ಭಾಗದಲ್ಲಿ ದೊಡ್ಡ ಗೇಟಿನೊಳಗೆ ಹೋಗಿ ದುಡಿಯುವ ಎಷ್ಟೋ ಜನ ಗುತ್ತಿಗೆ ಏಜೆನ್ಸಿಯ ನೌಕರರು. ಮಂಗಳೂರು ವಿಮಾನ ನಿಲ್ದಾಣವನ್ನೇ ನೋಡಿ. ನಿಲ್ದಾಣ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ್ದು, ಆದರೆ 2020ರ ಅಕ್ಟೋಬರ್ 31ರಿಂದ 50 ವರ್ಷದ ಗುತ್ತಿಗೆಯಲ್ಲಿ ಅದನ್ನು ನಡೆಸುತ್ತಿರುವುದು ಅದಾನಿ ಸಮೂಹ. ಅಲ್ಲಿ ಕೆಲಸ ಸಿಕ್ಕಿದರೆ ಸರ್ಕಾರಿ ಕೆಲಸ ಅಂತ ಆಗುವುದಿಲ್ಲ.

ಈಗಾಗಲೇ ಕೆಲಸದಲ್ಲಿದ್ದವರಿಗೆ ಇದನ್ನು ತಿಳಿಯುವ ಸುಲಭ ದಾರಿ ಪಿಎಫ್ ಪಾಸ್‌ಬುಕ್. ಅದರಲ್ಲಿ ಸಂಸ್ಥೆಯ ಹೆಸರು ಅಂತ ಯಾರದ್ದು ಇದೆಯೋ ಪಿಎಫ್ ಲೆಕ್ಕದಲ್ಲಿ ನಿಮ್ಮ ಮಾಲೀಕರು ಅವರೇ. ಸೇರುವ ಮೊದಲಾದರೆ ಆಫರ್ ಲೆಟರ್ ಕೆಳಗೆ ಸಹಿ ಹಾಕಿದ ಸಂಸ್ಥೆ ಯಾವುದು ಅಂತ ನೋಡಿ, ಆ ಹೆಸರನ್ನೇ ಹುಡುಕಿ.

ಈ ವ್ಯತ್ಯಾಸದಿಂದ ಏನಾಗುತ್ತದೆ ಅಂದರೆ, ಸರ್ಕಾರಿ ಕಂಪನಿ ಕಾಯಂ ನೇಮಕಾತಿಯಲ್ಲಿ ಮೀಸಲಾತಿ ಪಾಲಿಸಬೇಕು, ಅನ್ಯಾಯ ಆಯಿತು ಅನ್ನಿಸಿದರೆ ಅಭ್ಯರ್ಥಿ ಆರ್‌ಟಿಐ ಅರ್ಜಿ ಹಾಕಿ ಅಂಕಪಟ್ಟಿ, ಹುದ್ದೆಗಳ ಲೆಕ್ಕ ಕೇಳಬಹುದು, ಹೈಕೋರ್ಟ್‌ಗೆ ರಿಟ್ ಹಾಕಬಹುದು. ಖಾಸಗಿ ಗುತ್ತಿಗೆದಾರನ ಮುಂದೆ ಈ ದಾರಿಗಳು ಹೆಚ್ಚಾಗಿ ಮುಚ್ಚಿರುತ್ತವೆ.

ಕೊನೆಗೆ ಒಂದು ಎಚ್ಚರಿಕೆ. ನಕಲಿ ಆಫರ್ ಲೆಟರ್‌ನಲ್ಲಿ ಅಸಲಿ ಕಂಪನಿಯ ಸಿಐಎನ್ ಅಚ್ಚು ಹಾಕುವುದು ದೊಡ್ಡ ಕೆಲಸವೇನಲ್ಲ, ಅದು ಎಲ್ಲರಿಗೂ ಕಾಣುವ ನಂಬರ್. ಸಿಐಎನ್ ಹೇಳುವುದು ಆ ಕಂಪನಿ ಯಾರದ್ದು ಅಂತ ಮಾತ್ರ, ಆ ಪತ್ರ ಯಾರು ಕಳಿಸಿದ್ದು ಅಂತಲ್ಲ. ಅದಕ್ಕೆ ಕಂಪನಿಯ ಸ್ವಂತ ವೆಬ್‌ಸೈಟ್‌ನ ನೇಮಕಾತಿ ಪುಟದಲ್ಲಿ ಅದೇ ಜಾಹೀರಾತು, ಅದೇ ಅಧಿಸೂಚನೆ ಸಂಖ್ಯೆ ಇದೆಯೇ ಅಂತ ನೋಡಬೇಕು. ಅಲ್ಲಿ ಇಲ್ಲದ ಹುದ್ದೆಗೆ ಯಾರಾದರೂ ‘ಡೆಪಾಸಿಟ್’ ಕೇಳಿದರೆ ದುಡ್ಡು ಕೊಡಬೇಡಿ, ಮೆಸೇಜ್ ಅಳಿಸದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.