ಗುಬ್ಬಿ ಕತೆಯಲ್ಲಿ ಮರ ಕಡಿದದ್ದು ನಮ್ಮದೇ ತಪ್ಪು

ಮಾರ್ಚ್ 20ರ ಗುಬ್ಬಚ್ಚಿ ದಿನಕ್ಕೆಂದು ನಾವು ಗೆಳೆಯರು ಸೇರಿ ಮಕ್ಕಳಿಗೊಂದು ಕತೆ ಬರೆದಿದ್ದೆವು. ಬೆಂಗಳೂರಿನ ರಸ್ತೆ, ಅಲ್ಲೊಂದು ದೊಡ್ಡ ಮರ, ಕೊಂಬೆಯ ಮೇಲೆ ಗುಬ್ಬಿಯ ಗೂಡು. ಊರು ಬೆಳೆಯುತ್ತದೆ, ರಸ್ತೆ ಅಗಲ ಮಾಡಲು ಮರ ಕಡಿಯುತ್ತಾರೆ, ಗುಬ್ಬಿ ಅಳುತ್ತಾ ಹಾರಿಹೋಗುತ್ತದೆ. ನಮ್ಮೂರಿನ ಶಾಲೆಯಲ್ಲಿ ಇದನ್ನು ಓದಿ ಮುಗಿಸಿದಾಗ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಗುಬ್ಬಿ ಮರದಲ್ಲಿ ಯಾಕೆ ಗೂಡು ಕಟ್ತು? ನಮ್ಮನೇಲಿ ಹೆಂಚಿನ ಸಂದೀಲಿ ಕಟ್ಟೈತೆ" ಅಂದಳು.

ನಾವು ಸುಮ್ಮನಾದೆವು. ಅವಳು ಹೇಳಿದ್ದೇ ಸರಿ.

ಗುಬ್ಬಿ ಮನುಷ್ಯರ ಮನೆಯ ಹಕ್ಕಿ. ಸಂಜೆ ಗುಂಪಾಗಿ ಮರದಲ್ಲೋ ಬೇಲಿಯಲ್ಲೋ ಕೂತು ಗಲಾಟೆ ಮಾಡುತ್ತದೆ, ನಿಜ. ಮೊಟ್ಟೆ ಇಡುವಾಗ ಮಾತ್ರ ಅದು ಹುಡುಕುವುದು ಹೆಚ್ಚಾಗಿ ಗೋಡೆಯ ತೂತು, ಹೆಂಚಿನ ಸಂದು, ಜಂತೆಯ ಮೂಲೆ, ಗೋಡೆಗೆ ಹಾಕಿದ ಫೋಟೋದ ಹಿಂದಿನ ಜಾಗ. ಕಾಗಕ್ಕ ಗುಬ್ಬಕ್ಕನ ಕತೆ ಹೇಳಿದ ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತೋ ಏನೋ! ಮಳೆಯಲ್ಲಿ ಮನೆ ಕಳೆದುಕೊಂಡ ಕಾಗಕ್ಕ ಬಂದು ತಟ್ಟುವುದು ಗುಬ್ಬಕ್ಕನ ಮನೆಯ ಬಾಗಿಲನ್ನೇ.

ಕತೆಯಲ್ಲಿ ಇಷ್ಟು ತಪ್ಪಾದರೆ ಏನಾಯಿತು ಎನ್ನಬಹುದು. ನಮ್ಮ ಕತೆ ಕೇಳಿದ ಮಕ್ಕಳು ಒಂದು ಸಸಿ ನೆಡುತ್ತಾರೆ. ಸಸಿ ಒಳ್ಳೆಯದೇ, ಆದರೆ ಅದರಿಂದ ಗುಬ್ಬಿಗೆ ಗೂಡು ಸಿಗುವುದಿಲ್ಲ. ನಗರದಲ್ಲಿ ಅದು ಕಳೆದುಕೊಂಡದ್ದು ತೂತನ್ನು.

ಹಾಗಾಗಿ ಕತೆಯನ್ನು ತಿದ್ದಿದೆವು. ಈಗ ಅದರಲ್ಲಿ ಬಸವನಗುಡಿಯ ಒಂದು ಹಳೇ ಹೆಂಚಿನ ಮನೆ ಇದೆ. ಮನೆ ಕೆಡವಿ ನಾಲ್ಕಂತಸ್ತಿನ ಅಪಾರ್ಟ್‌ಮೆಂಟ್ ಕಟ್ಟುತ್ತಾರೆ. ಗಂಡು ಗುಬ್ಬಿ, ಹೆಣ್ಣು ಗುಬ್ಬಿ ಸುತ್ತೆಲ್ಲ ಹಾರಿ ನೋಡುತ್ತವೆ. ಗೋಡೆ ನುಣುಪು, ಕಿಟಕಿಗೆ ಸೊಳ್ಳೆ ಜಾಲರಿ, ಮೇಲೆ ಕಾಂಕ್ರೀಟ್. ಕೊನೆಗೆ ಒಂದು ಪೈಪಿನ ಸಂದಿಯಲ್ಲಿ ಹುಲ್ಲು ತುರುಕಿ ಮೊಟ್ಟೆ ಇಡುತ್ತವೆ. ಮರಿಗಳು ಹೊರಬರುತ್ತವೆ. ಆಗ ಎರಡನೇ ಕಷ್ಟ. ದೊಡ್ಡ ಗುಬ್ಬಿ ಕಾಳು ತಿಂದು ಬದುಕುತ್ತದೆ, ಎಳೆಯ ಮರಿಗೆ ಮೊದಲ ದಿನಗಳಲ್ಲಿ ಹುಳವೇ ಬೇಕು. ಅಂಗಳಕ್ಕೆಲ್ಲ ಸಿಮೆಂಟು ಹಾಕಿದ ಮೇಲೆ ಹುಳ ಎಲ್ಲಿಂದ ಬರಬೇಕು? ಬಾಲ್ಕನಿಯಲ್ಲಿ ಒಂದು ಹಿಡಿ ಅಕ್ಕಿ ಇಟ್ಟರೆ ಮರಿ ಉಳಿಯುವುದಿಲ್ಲ.

"ಟವರ್‌ನಿಂದಲೇ ಗುಬ್ಬಿ ಹೋಯ್ತು" ಎಂದು ಊರಲ್ಲಿ ಹೇಳುವುದುಂಟು. ಅದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ದೇಶದ ಹಕ್ಕಿಗಳ ಬಗ್ಗೆ 2020ರಲ್ಲಿ ಬಂದ ವರದಿಯ ಪ್ರಕಾರ, ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಗುಬ್ಬಿ ಕಡಿಮೆಯಾಗಿದೆ, ಒಟ್ಟು ದೇಶದಲ್ಲಿ ಹೆಚ್ಚುಕಡಿಮೆ ಹಾಗೇ ಇದೆ. ಟವರ್ ಈಗ ಹಳ್ಳಿಯಲ್ಲೂ ಇದೆ, ಗುಬ್ಬಿಯೂ ಇದೆ. ಹಳ್ಳಿಯಲ್ಲಿ ಹೆಂಚಿದೆ, ತಿಪ್ಪೆಯಿದೆ, ಹುಳವಿದೆ.

ಎಷ್ಟು ದಿನ ಇರುತ್ತದೆ ಎಂಬುದೇ ನಮ್ಮ ಪ್ರಶ್ನೆ. ಆ ಹುಡುಗಿಯ ಮನೆಗೂ ಬರುವ ಬೇಸಿಗೆಯಲ್ಲಿ ಮೋಲ್ಡ್ ಹಾಕಿಸುತ್ತಾರಂತೆ. ಹಾಕಿಸಲಿ. ಪ್ರತಿ ಮಳೆಗಾಲ ಸೋರುವ ಮನೆಯಲ್ಲಿ ಪಾತ್ರೆ ಇಟ್ಟುಕೊಂಡು ಇರಿ ಎಂದು ಹೇಳುವ ಹಕ್ಕು ನಮಗಿಲ್ಲ. ಎರಡು ಮಾತು ಮಾತ್ರ ಕೇಳುತ್ತೇವೆ.

ಮೊದಲನೆಯದು, ಹೆಂಚು ಇಳಿಸುವ ಮುಂಚೆ ಒಮ್ಮೆ ನೋಡಿ. ಗುಬ್ಬಿ ಕೊಕ್ಕಿನಲ್ಲಿ ಹುಳ ಹಿಡಿದು ಸಂದಿಯೊಳಗೆ ಹೋಗುತ್ತಿದ್ದರೆ ಒಳಗೆ ಮರಿ ಇದೆ ಎಂದರ್ಥ. ಮೊಟ್ಟೆ ಒಡೆಯಲು ಸುಮಾರು ಎರಡು ವಾರ, ಮರಿ ಹಾರಲು ಇನ್ನೆರಡು ವಾರ ಬೇಕು. ಆ ಒಂದು ಮೂಲೆಯನ್ನು ಕೊನೆಗೆ ಬಿಚ್ಚಿದರೆ ಸಾಕು.

ಎರಡನೆಯದು, ಹೊಸ ಮನೆಯ ಸಜ್ಜೆಯ ಕೆಳಗೆ, ಬೆಕ್ಕಿಗೆ ಎಟುಕದ ಎತ್ತರದಲ್ಲಿ, ಒಂದು ಮರದ ಡಬ್ಬಿ ಬಿಗಿಯಾಗಿ ಕೂರಿಸಿ. ತೂತು ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಿರಲಿ. ಅದಕ್ಕಿಂತ ಬಹಳ ದೊಡ್ಡದಾದರೆ ಗೊರವಂಕ ಬಂದು ಸೇರಿಕೊಳ್ಳುತ್ತದೆ. ಮಧ್ಯಾಹ್ನದ ಬಿಸಿಲು ನೇರ ಬೀಳದ ಗೋಡೆ ನೋಡಿಕೊಳ್ಳಿ, ಇಲ್ಲದಿದ್ದರೆ ಮರಿಗಳು ಬೇಯುತ್ತವೆ. ಮೊದಲ ವರ್ಷ ಗುಬ್ಬಿ ಬರದಿದ್ದರೂ ಡಬ್ಬಿ ಕೀಳಬೇಡಿ. ಹಿತ್ತಲಿಗೆ ಪೂರ್ತಿ ಸಿಮೆಂಟು ಹಾಕಿಸದೆ ಒಂದಿಷ್ಟು ಮಣ್ಣು ಬಿಡಿ.

ತಿದ್ದಿದ ಕತೆಗೆ ನಾವಿನ್ನೂ ಕೊನೆ ಬರೆದಿಲ್ಲ. ಆ ಹುಡುಗಿಯ ಮನೆಗೆ ಮೋಲ್ಡ್ ಬಿದ್ದ ಮೇಲೆ ಹೋಗಿ ನೋಡಿಕೊಂಡು ಬರೆಯುತ್ತೇವೆ.